ಭಾಷಣವನ್ನು ಟೆಲಿಪ್ರಾಂಪ್ಟರ್‌ಗೆ ಹೊಂದಿಸುವುದು: ಬಾಯಿ ತೆರೆಯುವ ಮೊದಲೇ ವಾಕ್ಯದ ಕೊನೆ ಕಾಣಬೇಕು

ಕಾಗದದ ಮೇಲೆ ಚೆನ್ನಾಗಿ ಓದಿಸಿಕೊಂಡು ಹೋಗುವ ಭಾಷಣವನ್ನು ಹಾಗೇ ಟೆಲಿಪ್ರಾಂಪ್ಟರ್‌ಗೆ, ಅಂದರೆ ಮಾತಾಡುವವರ ಕಣ್ಣ ಮುಂದೆ ಪಠ್ಯ ಓಡಿಸುವ ಪರದೆಗೆ, ಹಾಕಿದರೆ, ಎಂಥ ಮಾತುಗಾರರೂ ತಡವರಿಸುತ್ತಾರೆ. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಅಕ್ಷರ ದೊಡ್ಡದು ಮಾಡುವುದು. ದೊಡ್ಡದು ಮಾಡಿದ ಮೇಲೆ ತೊಂದರೆ ಕೆಲವೊಮ್ಮೆ ಇನ್ನೂ ಜಾಸ್ತಿಯಾಗುತ್ತದೆ. ಯಾಕೆ ಅಂದರೆ ಪರದೆಯ ಮೇಲೆ ಕಾಣುವ ಸಾಲುಗಳು ಕಡಿಮೆಯಾಗುತ್ತವೆ, ಮುಂದೆ ಏನು ಬರುತ್ತದೆ ಅಂತ ಮಾತಾಡುವವರಿಗೆ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಈ ಕಷ್ಟ ಇನ್ನಷ್ಟು ಹೆಚ್ಚು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ, ಹೇಳಿದ್ದು ನಾವೋ ಬೇರೆಯವರೋ, ಇದು ಪ್ರಶ್ನೆಯೋ ಸುಮ್ನೆ ಹೇಳಿಕೆಯೋ, ಎಲ್ಲ ತಿಳಿಯುವುದು ವಾಕ್ಯದ ಬಾಲದಲ್ಲಿ. ಆ ಬಾಲ ಇನ್ನೂ ಪರದೆಯ ಕೆಳಗೆ ಅಡಗಿದ್ದರೆ ಮಾತಾಡುವವರು ಯಾವ ದನಿಯಲ್ಲಿ ಶುರು ಮಾಡಬೇಕು? ಆದ್ದರಿಂದ ಈ ಲೇಖನದಲ್ಲಿ ಹೇಳುವ ಎಲ್ಲ ಹಂತಗಳ ಗುರಿ ಒಂದೇ: ಬಾಯಿ ತೆರೆಯುವ ಹೊತ್ತಿಗೆ ಆ ವಾಕ್ಯ ಮುಗಿಯುವ ಜಾಗ ಕಣ್ಣಿಗೆ ಬಿದ್ದಿರಬೇಕು.

ಲೆಕ್ಕ ಶುರುವಾಗುವುದು ಪರದೆಯಿಂದ

ಹೊಂದಿಸಲು ಕೂರುವ ಮೊದಲು, ಭಾಷಣ ಓಡುವ ಪ್ರಾಂಪ್ಟರ್‌ನಲ್ಲಿ ಒಂದು ಸಲಕ್ಕೆ ಎಷ್ಟು ಸಾಲು ಕಾಣುತ್ತದೆ, ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತದೆ ಎಂದು ಕೇಳಿಕೊಳ್ಳಿ. ಪ್ರಾಂಪ್ಟರ್ ನಡೆಸುವ ಆಪರೇಟರ್ ಸಿಕ್ಕರೆ ಒಂದು ಪುಟ ಕಳಿಸಿ ಫೋಟೊ ತರಿಸಿಕೊಳ್ಳಿ, ಅದು ಇನ್ನೂ ಒಳ್ಳೆಯದು.

ಅಕ್ಷರದ ಗಾತ್ರಕ್ಕೆ ಫಲಕ ಬರೆಯುವವರು ಬಳಸುವ ಒಂದು ಹಳೆಯ ಅಳತೆ ಇದೆ. ಹತ್ತು ಅಡಿ ದೂರಕ್ಕೆ ಅಕ್ಷರ ಒಂದು ಇಂಚು ಎತ್ತರ ಇರಬೇಕು. ಕನ್ನಡಕ್ಕೆ ಇದು ಸಾಲದು. ಮೂಲ ಅಕ್ಷರ ಒಂದು ಇಂಚು ಇದ್ದರೂ ಅದರ ಕೆಳಗಿನ ಒತ್ತು ಅದಕ್ಕಿಂತ ಚಿಕ್ಕದಾಗಿರುತ್ತದೆ, ಮತ್ತು ‘ಭಕ್ತಿ’ಯಲ್ಲಿರುವುದು ತ ಒತ್ತೋ ಕ ಒತ್ತೋ ಎಂದು ಹೇಳುವುದು ಆ ಚಿಕ್ಕ ಗುರುತೇ. ಅದಕ್ಕೇ ಅಕ್ಷರ ನೋಡಿ ಗಾತ್ರ ತೀರ್ಮಾನಿಸಬೇಡಿ. ಒತ್ತು ಸ್ಪಷ್ಟವಾಗಿ ಓದಲು ಬಂದರೆ ಗಾತ್ರ ಸರಿಯಿದೆ ಎಂದುಕೊಳ್ಳಿ. ಪಾಯಿಂಟ್ ಲೆಕ್ಕವನ್ನೂ ನಂಬಬೇಡಿ. 72 ಪಾಯಿಂಟ್ ಅಂದರೆ ಒಂದು ಇಂಚು ನಿಜ, ಆದರೆ ಆ ಒಂದು ಇಂಚಿನೊಳಗೆ ಮೇಲಿನ ಕೆಳಗಿನ ಖಾಲಿ ಜಾಗವೂ ಸೇರಿರುತ್ತದೆ. ಪರದೆಯ ಮೇಲೆ ಕಾಣುವ ಅಕ್ಷರ ಅದಕ್ಕಿಂತ ಎಷ್ಟೋ ಸಣ್ಣದು.

ಮುಂದಿನದು ಓದುವ ಗುರುತು. ಪ್ರಾಂಪ್ಟರ್ ಪರದೆಯ ಒಂದು ಬದಿಯಲ್ಲಿ ಸಣ್ಣ ಬಾಣ ಇರುತ್ತದೆ, ಮಾತಾಡುವವರು ಓದುವುದು ಆ ಸಾಲನ್ನೇ. ಸಾಮಾನ್ಯವಾಗಿ ಅದನ್ನು ಪರದೆಯ ಮೇಲಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇಡುತ್ತಾರೆ. ಏಳು ಸಾಲು ಕಾಣುವ ಪರದೆಯಲ್ಲಿ ಬಾಣ ಮೂರನೇ ಸಾಲಿಗೆ ಇದೆ ಎಂದುಕೊಳ್ಳಿ. ಮೇಲಿನ ಎರಡು ಸಾಲು ಆಗಲೇ ಓದಿ ಮುಗಿದಿರುತ್ತವೆ. ಓದುತ್ತಿರುವ ಸಾಲನ್ನೂ ಸೇರಿಸಿ ಮುಂದೆ ಕಾಣುವುದು ಐದು ಸಾಲು ಮಾತ್ರ. ಹಾಗಾದರೆ ಒಂದು ವಾಕ್ಯ ಐದು ಸಾಲು ಮೀರಬಾರದು. ಆರನೇ ಸಾಲಿಗೆ ಹೋಯಿತು ಅಂದರೆ ಶುರು ಮಾಡುವಾಗ ಅದರ ಕೊನೆ ಕಾಣುವುದಿಲ್ಲ.

ಗಾತ್ರ ಮತ್ತು ವಾಕ್ಯದ ಉದ್ದಕ್ಕೆ ಹೀಗೆ ಗಂಟು ಬೀಳುತ್ತದೆ. ಮಾತಾಡುವವರಿಗೆ ಕಣ್ಣು ಮಂದ, ಇನ್ನೂ ದೊಡ್ಡ ಅಕ್ಷರ ಬೇಕು ಅಂದರು ಎಂದಿಟ್ಟುಕೊಳ್ಳಿ. ಪರದೆಯಲ್ಲಿ ಐದೇ ಸಾಲು ಉಳಿಯಿತು, ಬಾಣ ಎರಡನೇ ಸಾಲಿಗೆ ಬಂತು, ವಾಕ್ಯಕ್ಕೆ ಸಿಗುವುದು ನಾಲ್ಕು ಸಾಲು. ಆಗ ಬರೀ ಗಾತ್ರ ಬದಲಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ, ಉದ್ದದ ವಾಕ್ಯಗಳನ್ನು ಮತ್ತೆ ಕತ್ತರಿಸಬೇಕು.

ಸಾಲಿನ ಅಗಲಕ್ಕೆ ಹನ್ನೆರಡು ಅಕ್ಷರ ಒಂದು ಒಳ್ಳೆಯ ಮಿತಿ. ಇಲ್ಲಿ ಅಕ್ಷರ ಅಂದರೆ ಬಾಯಲ್ಲಿ ಎಣಿಸುವಂಥದ್ದು: ‘ಗ್ರಂ’ ಒಂದು, ‘ಥಾ’ ಒಂದು. ಕಂಪ್ಯೂಟರ್ ತೋರಿಸುವ ಎಣಿಕೆಯಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆಯಾಗಿ ಸೇರುವುದರಿಂದ ಅದು ಉಪಯೋಗಕ್ಕೆ ಬರುವುದಿಲ್ಲ. ಸಾಲು ಅಗಲವಾದಷ್ಟೂ ಕಣ್ಣು ಎಡದಿಂದ ಬಲಕ್ಕೆ ಓಡುವುದು ಕ್ಯಾಮೆರಾಗೆ ಗೊತ್ತಾಗುತ್ತದೆ. ಕ್ಯಾಮೆರಾ ಹತ್ತಿರ ಇದ್ದರಂತೂ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪರದೆಯ ಎರಡೂ ಬದಿ ಧಾರಾಳವಾಗಿ ಖಾಲಿ ಬಿಟ್ಟು, ಸಾಲುಗಳನ್ನು ಎಡಕ್ಕೆ ಸಮವಾಗಿ ನಿಲ್ಲಿಸಿ. ನಡುವಿಗೆ ಜೋಡಿಸುವವರೂ ಇದ್ದಾರೆ. ಆದರೆ ಪ್ರತಿ ಸಾಲು ಬೇರೆ ಜಾಗದಲ್ಲಿ ಶುರುವಾದರೆ ಕಣ್ಣು ಪ್ರತಿ ಸಲ ಹುಡುಕಬೇಕಾಗುತ್ತದೆ, ನನಗಂತೂ ಅದು ಇಷ್ಟವಿಲ್ಲ.

ಕತ್ತರಿಸುವ ಮೊದಲು ಓದಿ ಕೇಳಿ

ಭಾಷಣದ ಒಂದು ಪ್ರತಿ ಮುದ್ರಿಸಿ, ಪೆನ್ಸಿಲ್ ಹಿಡಿದು ಗಟ್ಟಿಯಾಗಿ ಓದಿ. ಮಾತಾಡುವವರೇ ಓದಿದರೆ ಬಹಳ ಒಳ್ಳೆಯದು, ನೀವು ಕೇಳುತ್ತಾ ಗುರುತು ಹಾಕಬಹುದು. ಉಸಿರು ತಾನಾಗಿ ನಿಂತ ಕಡೆ ಒಂದು ಓರೆ ಗೆರೆ. ವಿಚಾರ ಮುಗಿದ ಕಡೆ ಎರಡು. ನಾಲಿಗೆ ತೊಡರಿದ ಪದದ ಸುತ್ತ ಒಂದು ವೃತ್ತ. ಅಲ್ಪವಿರಾಮ ಇದೆ ಅಂತ ಗೆರೆ ಹಾಕಬೇಡಿ. ಬರೆಯುವಾಗ ಹಾಕುವ ಅಲ್ಪವಿರಾಮಕ್ಕೂ ಉಸಿರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಇದರ ಜೊತೆಗೇ ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಓದಿಸಿ, ಎಷ್ಟು ಪದ ಆಯಿತು ಎಣಿಸಿ. ಇಂಗ್ಲಿಷ್ ಭಾಷಣಕ್ಕೆ ಹೇಳುವ ನಿಮಿಷಕ್ಕೆ 130, 150 ಪದದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ನಮ್ಮ ಪದಗಳು ಉದ್ದ. ಆ ವ್ಯಕ್ತಿಯ ನಿಮಿಷದ ಪದಗಳಿಂದ ಇಡೀ ಭಾಷಣದ ಪದಗಳನ್ನು ಭಾಗಿಸಿದರೆ ಸಮಯ ಸಿಗುತ್ತದೆ. ಅದಕ್ಕೆ ನಿಲುಗಡೆಗಳನ್ನೂ ಕೂಡಿಸಬೇಕು. ಒಂದೊಂದು ಸೆಕೆಂಡಿನ 60 ನಿಲುಗಡೆ ಹಾಕಿದರೆ ಭಾಷಣ ಒಂದು ನಿಮಿಷ ಉದ್ದವಾಯಿತು ಅಂತಲೇ ಲೆಕ್ಕ. ಹತ್ತು ನಿಮಿಷದ ಅವಕಾಶ ಇರುವವರಿಗೆ ಇದು ಮೊದಲೇ ಗೊತ್ತಿರಬೇಕು.

ಇಷ್ಟಾದ ಮೇಲೆ ಪಠ್ಯವನ್ನು ಒಂದು ಸರಳ ಟೆಕ್ಸ್ಟ್ ಎಡಿಟರ್‌ಗೆ ತನ್ನಿ. ವರ್ಡ್‌ನಂಥ ತಂತ್ರಾಂಶದಲ್ಲಿ ಎಂಟರ್ ಒತ್ತಿದಾಗ ಪ್ಯಾರಾ ನಡುವೆ ಕಾಣದ ಅಂತರ ಸೇರಿಕೊಳ್ಳುತ್ತದೆ, ಅಲ್ಲಿ ನೋಡಿದ್ದು ಪ್ರಾಂಪ್ಟರ್‌ನಲ್ಲಿ ಹಾಗೇ ಬರುವುದಿಲ್ಲ. ಭಾಷಣ ಯೂನಿಕೋಡ್‌ನಲ್ಲಿ ಇದೆಯೇ ಎಂದೂ ಇಲ್ಲೇ ಗೊತ್ತಾಗುತ್ತದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು, ಒತ್ತು ಮತ್ತು ಅಂಕಿಗಳು ಪರಿವರ್ತನೆಯಲ್ಲಿ ಆಗಾಗ ಕೆಡುತ್ತವೆ. ಉಳಿಸುವಾಗ `UTF-8` ಆರಿಸಿ.

ಒಂದು ವಾಕ್ಯವನ್ನು ಹಿಡಿದು ನೋಡೋಣ

ಒಂದು ಗ್ರಂಥಾಲಯದ ಸಭೆಗೆ ಬರೆದ ಭಾಷಣದಲ್ಲಿ ಹೀಗೊಂದು ವಾಕ್ಯ ಇದೆ ಎಂದುಕೊಳ್ಳಿ:

“ಕಳೆದ ವರ್ಷ ನಮ್ಮ ಗ್ರಂಥಾಲಯಕ್ಕೆ 1,27,500 ಓದುಗರು ಭೇಟಿ ನೀಡಿದ್ದು, ಅವರಲ್ಲಿ ಶೇ. 62ರಷ್ಟು ಮಂದಿ 25 ವರ್ಷಕ್ಕಿಂತ ಕಡಿಮೆ ವಯಸ್ಸಿನವರಾಗಿದ್ದಾರೆ ಎಂಬ ಅಂಶವನ್ನು ಗಮನಿಸಿದಾಗ, ಯುವಜನರು ಪುಸ್ತಕ ಓದುವುದನ್ನು ಬಿಟ್ಟಿದ್ದಾರೆ ಎಂಬ ಮಾತನ್ನು ಒಪ್ಪಲು ಸಾಧ್ಯವಿಲ್ಲ.”

ಓದಲು ಏನೂ ತೊಂದರೆಯಿಲ್ಲ. ಇದನ್ನೇ ಪ್ರಾಂಪ್ಟರ್‌ಗೆ ಹಾಕಿ, ಸಾಲು ಮುರಿಯುವ ಕೆಲಸ ತಂತ್ರಾಂಶಕ್ಕೇ ಬಿಟ್ಟರೆ ಕೊನೆಯ ಭಾಗ ಹೀಗೆ ಬರಬಹುದು:

```
ಯುವಜನರು ಪುಸ್ತಕ
ಓದುವುದನ್ನು ಬಿಟ್ಟಿದ್ದಾರೆ ಎಂಬ
ಮಾತನ್ನು ಒಪ್ಪಲು ಸಾಧ್ಯವಿಲ್ಲ.
```

ಮಾತಾಡುವವರು ‘ಓದುವುದನ್ನು ಬಿಟ್ಟಿದ್ದಾರೆ’ ಎಂಬುದನ್ನು ತಮ್ಮದೇ ಅಭಿಪ್ರಾಯದಂತೆ ಒತ್ತಿ ಹೇಳಿಬಿಡುತ್ತಾರೆ. ಆಮೇಲೆ ‘ಎಂಬ’ ಸಿಗುತ್ತದೆ, ದನಿ ಸ್ವಲ್ಪ ಕುಂದುತ್ತದೆ. ಅದರ ಕೆಳಗಿನ ಸಾಲಿನ ಕೊನೆಗೆ ‘ಸಾಧ್ಯವಿಲ್ಲ’ ಬರುತ್ತದೆ. ಇಡೀ ಮಾತನ್ನು ತಿರುಗಿಸುವ ಪದ ಅದೇ, ಆದರೆ ಅದನ್ನು ಒತ್ತಿ ಹೇಳಲು ಉಸಿರೇ ಉಳಿದಿರುವುದಿಲ್ಲ. ಪ್ರಾಂಪ್ಟರ್ ನೋಡಿ ಓದುವವರ ದನಿ ಏರಬೇಕಾದಲ್ಲಿ ಇಳಿಯುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಇಲ್ಲಿ ಸಾಲು ಮುರಿದರೆ ಸಾಲದು, ವಾಕ್ಯವನ್ನೇ ಒಡೆಯಬೇಕು. ‘ನೀಡಿದ್ದು’, ‘ಎಂಬ ಅಂಶವನ್ನು’, ‘ಗಮನಿಸಿದಾಗ’ ಎಂಬ ಕೊಂಡಿಗಳು ಬರವಣಿಗೆಗೆ ಮಾತ್ರ ಬೇಕಾದವು. ಕಿವಿಗೆ ಅವು ಭಾರ. ಬಿಡಿಸಿದರೆ ನಾಲ್ಕು ಸಣ್ಣ ವಾಕ್ಯ ಸಿಗುತ್ತದೆ:

```
ಕಳೆದ ವರ್ಷ
ನಮ್ಮ ಗ್ರಂಥಾಲಯಕ್ಕೆ
ಬಂದ ಓದುಗರು /
ಒಂದು ಲಕ್ಷದ
ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು. //

ಅವರಲ್ಲಿ
ನೂರಕ್ಕೆ ಅರವತ್ತೆರಡು ಮಂದಿ /
ಇಪ್ಪತ್ತೈದು ವರ್ಷ ತುಂಬದವರು. //

ಕೆಲವರು ಹೇಳುತ್ತಾರೆ /
ಯುವಜನರು ಓದುವುದನ್ನು
ಬಿಟ್ಟಿದ್ದಾರೆ ಎಂದು. //

ಈ ಮಾತನ್ನು ನಾನು ಒಪ್ಪುವುದಿಲ್ಲ. //
```

ಒಂದೊಂದಾಗಿ ನೋಡಿ. ಮೊದಲ ವಾಕ್ಯ ಸರಿಯಾಗಿ ಐದು ಸಾಲು, ಅಂದರೆ ನಮ್ಮ ಪರದೆಯ ಮಿತಿ. ಅಂಕಿಗಳು ಪದಗಳಾಗಿವೆ. ಅಂಕಿ ಕಂಡಾಗ ಕಣ್ಣು ಮೊದಲು ಸೊನ್ನೆ ಎಣಿಸಿ ಆಮೇಲೆ ಓದುತ್ತದೆ, ಅಷ್ಟು ಹೊತ್ತು ಮಾತು ನಿಲ್ಲುತ್ತದೆ. ‘ಲಕ್ಷ’ ಎಂದು ಸಾಲು ಮುಗಿಸಿದ್ದರೆ ಸಂಖ್ಯೆ ಅಲ್ಲೇ ಮುಗಿಯಿತು ಎಂದು ದನಿ ಇಳಿಯುತ್ತಿತ್ತು. ‘ಲಕ್ಷದ’ ಎಂದಾಗ ಇನ್ನೂ ಇದೆ ಅಂತ ಬಾಯಿಗೇ ಗೊತ್ತಾಗುತ್ತದೆ. ‘ಇಪ್ಪತ್ತೇಳು’ ಒಂದು ಸಾಲಲ್ಲಿ, ‘ಸಾವಿರ’ ಇನ್ನೊಂದರಲ್ಲಿ ಬಂದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಆ ಸಾಲು ಹತ್ತು ಅಕ್ಷರಕ್ಕೆ ಮುಗಿಯುವುದರಿಂದ ಅಲ್ಲಿ ಏನನ್ನೂ ಮುರಿಯಬೇಕಾಗಿಲ್ಲ.

ಮೂರನೇ ವಾಕ್ಯದಲ್ಲಿ ‘ಕೆಲವರು ಹೇಳುತ್ತಾರೆ’ ಮುಂದೆ ಬಂದಿದೆ. ಇದು ಬೇರೆಯವರ ಮಾತು ಎಂದು ಮಾತಾಡುವವರಿಗೂ ಕೇಳುವವರಿಗೂ ಮೊದಲೇ ತಿಳಿಯುತ್ತದೆ. ಯಾರದೇ ಮಾತನ್ನು ಉದ್ಧರಿಸುವಾಗ ಪ್ರಾಂಪ್ಟರ್ ಪ್ರತಿಯಲ್ಲಿ ಹೀಗೇ ಮಾಡಿ. ಉದ್ಧರಣ ಚಿಹ್ನೆಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಅಲ್ವಾ?

ಕೊನೆಯ ಸಾಲಿನಲ್ಲಿ ಹನ್ನೊಂದು ಅಕ್ಷರ ಇದೆ. ‘ಒಪ್ಪುವುದಿಲ್ಲ’ವನ್ನು ಕೆಳಗಿನ ಸಾಲಿಗೆ ತಳ್ಳಬಹುದಿತ್ತು, ಬೇಕೆಂದೇ ತಳ್ಳಿಲ್ಲ. ‘ಇಲ್ಲ’, ‘ಅಲ್ಲ’, ‘ಬೇಡ’, ‘ಬಾರದು’ ಎಂದು ಮುಗಿಯುವ ಕ್ರಿಯೆ ಯಾವಾಗಲೂ ತಾನು ನಿರಾಕರಿಸುವ ಮಾತಿನ ಜೊತೆ ಒಂದೇ ಸಾಲಿನಲ್ಲಿ ಇರಬೇಕು. ಹಿಡಿಸದಿದ್ದರೆ ಅದರ ಹಿಂದಿನ ಪದಗಳನ್ನು ಮೇಲಿನ ಸಾಲಿಗೆ ಕಳಿಸಿ, ಆದರೆ ‘ಇಲ್ಲ’ವನ್ನು ಒಂಟಿಯಾಗಿ ಬಿಡಬೇಡಿ.

ಮೂಲದಲ್ಲಿದ್ದ ಐನೂರು ಇಲ್ಲಿ ಬಿಟ್ಟುಹೋಗಿರುವುದನ್ನು ಗಮನಿಸಿರುತ್ತೀರಿ. ಇಂಥದ್ದನ್ನು ಹೊಂದಿಸುವವರು ತಾವೇ ತೀರ್ಮಾನಿಸಬಾರದು. ಒಡೆದ ವಾಕ್ಯ, ತೂಕ ಬದಲಾದ ಮಾತು, ಬಿಟ್ಟ ಅಂಕಿ, ಎಲ್ಲವನ್ನೂ ಪಟ್ಟಿ ಮಾಡಿ ಮಾತಾಡುವವರಿಗೆ ಅಥವಾ ಬರೆದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ‘ಒಪ್ಪಲು ಸಾಧ್ಯವಿಲ್ಲ’ಕ್ಕೂ ‘ನಾನು ಒಪ್ಪುವುದಿಲ್ಲ’ಕ್ಕೂ ವ್ಯತ್ಯಾಸ ಇದೆ. ಕೆಲವರಿಗೆ ಆ ‘ನಾನು’ ಬೇಡವಾಗಿರಬಹುದು. ಕಾನೂನಿನ ಅಥವಾ ಅಧಿಕೃತ ಹೇಳಿಕೆಯಾದರೆ ಒಂದು ಪದವನ್ನೂ ಬದಲಿಸಬೇಡಿ, ಅಲ್ಲಿ ಸಾಲು ಮತ್ತು ನಿಲುಗಡೆ ಮಾತ್ರ ನಿಮ್ಮ ಕೈಯಲ್ಲಿರುವುದು.

ಉಳಿದ ಕಡೆಗೂ ಇದೇ ಕಣ್ಣಿಟ್ಟು ನೋಡಿ. ವಿಶೇಷಣ ಮತ್ತು ಅದರ ನಾಮಪದ ಒಟ್ಟಿಗಿರಲಿ, ಹೆಸರು ಮತ್ತು ‘ಅವರು’ ಒಟ್ಟಿಗಿರಲಿ. ‘ಕೂಡ’, ‘ಮಾತ್ರ’, ‘ಸಹ’ ಎಂಬ ಪದಗಳು ಹಿಂದಿನ ಪದವನ್ನು ಬಿಟ್ಟು ಹೊಸ ಸಾಲಿಗೆ ಹೋಗಬಾರದು. ‘ಮಾಡಿ ಕೊಟ್ಟರು’, ‘ಹೇಳಿ ಹೋದರು’ ಥರದ ಜೋಡಿ ಕ್ರಿಯೆಗಳನ್ನು ಬೇರ್ಪಡಿಸಬೇಡಿ, ‘ಮಾಡಿ’ಯಲ್ಲಿ ಸಾಲು ಮುಗಿದರೆ ಅದು ಆಜ್ಞೆಯಂತೆ ಕೇಳಿಸುತ್ತದೆ.

ಒಂದೇ ಪದ ಸಾಲನ್ನು ನುಂಗುವುದೂ ಉಂಟು. ‘ಅನುಷ್ಠಾನಗೊಳಿಸಬೇಕಾಗಿರುವುದರಿಂದ’ ಎಣಿಸಿದರೆ ಹದಿನೈದು ಅಕ್ಷರ. ತಂತ್ರಾಂಶ ಅದನ್ನು ನಡುವೆ ಎಲ್ಲೋ ಮುರಿಯುತ್ತದೆ, ಇಲ್ಲವೇ ಅಂಚಿನಲ್ಲಿ ಕತ್ತರಿಸುತ್ತದೆ. ‘ಜಾರಿಗೆ ತರಬೇಕು. ಹಾಗಾಗಿ’ ಎಂದರೆ ಅದೇ ಅರ್ಥ, ಜೊತೆಗೆ ನಡುವೆ ಒಂದು ಉಸಿರಿಗೂ ಜಾಗ ಸಿಗುತ್ತದೆ.

ನಿಲುಗಡೆಯ ಗುರುತುಗಳು

ಮೂರು ಬಗೆ ಸಾಕು. ಒಂದು ಓರೆ ಗೆರೆ ಅಂದರೆ ಅರ್ಧ ಸೆಕೆಂಡಿನ ಸಣ್ಣ ಉಸಿರು. ಎರಡು ಗೆರೆ ಅಂದರೆ ಸುಮಾರು ಒಂದು ಸೆಕೆಂಡು. ವಿಷಯ ಬದಲಾಗುವಲ್ಲಿ ಅಥವಾ ಚಪ್ಪಾಳೆ ಬರಬಹುದಾದಲ್ಲಿ ಮೂರು ಗೆರೆಯನ್ನು ಒಂದು ಸಾಲಿನಲ್ಲಿ ಒಂಟಿಯಾಗಿ ಇಡಿ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಮಾತಾಡುವವರಿಗೆ ಬಿಟ್ಟದ್ದು. ನಾಲ್ಕನೇ, ಐದನೇ ಬಗೆಯ ಗುರುತು ಕಂಡುಹಿಡಿಯುವವರನ್ನು ನೋಡಿದ್ದೇನೆ. ವೇದಿಕೆಯ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ.

ಗೆರೆಯೇ ಯಾಕೆ, ಅಲ್ಪವಿರಾಮ ಸಾಲದೇ? ಸಾಲದು. ದೂರದಿಂದ ಅಲ್ಪವಿರಾಮ ಹಿಂದಿನ ಅಕ್ಷರದ ಒತ್ತಿನ ಬಾಲದಂತೆ ಕಾಣುತ್ತದೆ. ‘ನಿಲ್ಲಿ’, ‘ವಿರಾಮ’ ಎಂದು ಪದದಲ್ಲೂ ಬರೆಯಬೇಡಿ. ಪ್ರಾಂಪ್ಟರ್ ಓದುವವರ ಬಾಯಿ ಕಂಡದ್ದನ್ನೆಲ್ಲ ಹೇಳಿಬಿಡುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಏಪ್ರಿಲ್ 2024ರಲ್ಲಿ ಕಾರ್ಮಿಕ ಸಂಘಗಳ ಒಂದು ಸಮಾವೇಶದಲ್ಲಿ ಮಾತಾಡುವಾಗ, ‘ಇನ್ನೂ ನಾಲ್ಕು ವರ್ಷ’ ಎಂದ ಬೆನ್ನಲ್ಲೇ ನಿಲ್ಲಬೇಕು ಎಂಬ ಸೂಚನೆಯ ಪದವನ್ನೂ ಓದಿದರು. ಆ ತುಣುಕು ಎಲ್ಲೆಡೆ ಹರಿದಾಡಿತು. ಗೆರೆಯನ್ನು ಹಾಗೆ ಯಾರೂ ಓದಲಾರರು. ಯಾವುದೋ ಕಡೆ ಪದವೇ ಬೇಕು, ಉದಾಹರಣೆಗೆ ಪರದೆಯ ಮೇಲೆ ಚಿತ್ರ ಬರುತ್ತದೆ ಎಂದು ತಿಳಿಸಬೇಕು ಅಂದರೆ, ಅದನ್ನು ಆವರಣದೊಳಗೆ ಬೇರೆ ಬಣ್ಣದಲ್ಲಿ ಬರೆದು, ತಾಲೀಮಿನಲ್ಲಿ ಒಂದು ಸಲ ತೋರಿಸಿಬಿಡಿ.

ಕನ್ನಡದಲ್ಲಿ ವಾಕ್ಯದ ಶುರುವನ್ನು ತೋರಿಸುವ ದೊಡ್ಡ ಅಕ್ಷರ ಇಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಆ ಕೆಲಸ ತಾನಾಗಿ ಆಗುತ್ತದೆ, ನಮ್ಮಲ್ಲಿ ಖಾಲಿ ಸಾಲು ಅದನ್ನು ಮಾಡಬೇಕು. ಆದ್ದರಿಂದ ಪ್ರತಿ ವಾಕ್ಯ ಹೊಸ ಸಾಲಿನಲ್ಲಿ ಶುರುವಾಗಲಿ, ಎರಡು ವಾಕ್ಯಗಳ ನಡುವೆ ಒಂದು ಖಾಲಿ ಸಾಲು ಇರಲಿ. ಒಂದಕ್ಕಿಂತ ಜಾಸ್ತಿ ಬಿಡುವಾಗ ಯೋಚಿಸಿ. ನಿಲುಗಡೆ ಉದ್ದವಾಗಲಿ ಅಂತ ನಾಲ್ಕು ಸಾಲು ಖಾಲಿ ಬಿಟ್ಟರೆ, ಮಾತಾಡುವವರ ಮುಂದೆ ಅರ್ಧ ಪರದೆ ಕಪ್ಪಾಗುತ್ತದೆ. ಪಠ್ಯ ನಿಂತುಹೋಯಿತೇನೋ ಎಂದು ಗಾಬರಿಯಾಗುತ್ತದೆ, ಮುಂದಿನ ವಾಕ್ಯದ ಕೊನೆಯಂತೂ ಕಾಣುವುದೇ ಇಲ್ಲ.

ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪ್ರಶ್ನೆಗಳಿಗೆ ಒಂದು ಸಣ್ಣ ಉಪಾಯ ಇದೆ. ‘ಓದುವವರು ನಿಜವಾಗಿಯೂ ಕಡಿಮೆಯಾಗಿದ್ದಾರೆಯೇ?’ ಎಂಬಲ್ಲಿ ಅದು ಪ್ರಶ್ನೆ ಎಂದು ಹೇಳುವುದು ಕಟ್ಟಕಡೆಯ ‘ಏ’. ಅಂಥ ವಾಕ್ಯದ ಶುರುವಿನಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕಾಗದದ ಮೇಲೆ ವಿಚಿತ್ರವಾಗಿ ಕಾಣುತ್ತದೆ, ಕಾಣಲಿ ಬಿಡಿ. ‘ಯಾಕೆ’, ‘ಯಾರು’, ‘ಎಲ್ಲಿ’ ಎಂದು ಶುರುವಾಗುವ ಪ್ರಶ್ನೆಗೆ ಇದು ಬೇಕಾಗುವುದಿಲ್ಲ.

ಎರಡು ಬದಿಗೆ ಎರಡು ಗಾಜಿನ ಹಲಗೆ ನಿಲ್ಲಿಸುವ ಸಭೆಗಳಲ್ಲಿ ಮಾತಾಡುವವರು ಒಂದು ಗಾಜಿನಿಂದ ಇನ್ನೊಂದಕ್ಕೆ ತಿರುಗುತ್ತಾರೆ. ತಿರುಗಿದ ಕೂಡಲೇ ಕಣ್ಣು ಸಾಲನ್ನು ಮತ್ತೆ ಹುಡುಕಬೇಕು. ವಾಕ್ಯದ ನಡುವೆ ತಿರುಗಿದರೆ ಮಾತು ಖಂಡಿತ ತುಂಡಾಗುತ್ತದೆ. ಎರಡು ಗೆರೆ ಇದ್ದಲ್ಲಿ ಮಾತ್ರ ತಿರುಗುವುದು ಎಂದು ಮೊದಲೇ ಮಾತಾಡಿಕೊಂಡರೆ ನಿಲುಗಡೆಯ ಗುರುತೇ ತಿರುಗುವ ಗುರುತೂ ಆಗುತ್ತದೆ.

ಫಾಂಟ್, ಬಣ್ಣ, ಅಂತರ

ಪ್ರಾಂಪ್ಟರ್ ಗಾಜು ಕ್ಯಾಮೆರಾ ಮುಂದೆ 45 ಡಿಗ್ರಿ ಓರೆಯಾಗಿ ನಿಂತು, ಪರದೆಯ ಬೆಳಕನ್ನು ಮಾತ್ರ ಮಾತಾಡುವವರ ಕಡೆ ಪ್ರತಿಫಲಿಸುತ್ತದೆ. ಕಪ್ಪು ಹಿನ್ನೆಲೆ ಗಾಜಿನಲ್ಲಿ ಕಾಣುವುದೇ ಇಲ್ಲ, ಬಿಳಿ ಅಕ್ಷರ ಎದ್ದು ಕಾಣುತ್ತದೆ. ಆದ್ದರಿಂದ ಕಪ್ಪಿನ ಮೇಲೆ ಅಚ್ಚ ಬಿಳಿ. ಗುರುತುಗಳಿಗೆ ಮತ್ತು ಒತ್ತಿ ಹೇಳಬೇಕಾದ ಪದಕ್ಕೆ ಹಳದಿ. ನೀಲಿ, ಕಡು ಕೆಂಪು ಗಾಜಿನಲ್ಲಿ ಮಂಕಾಗುತ್ತವೆ. ಕೆಲವು ತಂತ್ರಾಂಶಗಳು ಅಂಟಿಸಿದ ಪಠ್ಯದ ಬಣ್ಣವನ್ನೆಲ್ಲ ತೆಗೆದುಹಾಕುತ್ತವೆ, ಹಾಗಾಗಿ ಬಣ್ಣ ಹೋದರೂ ಅರ್ಥವಾಗುವಂತೆ ಗುರುತು ಇರಬೇಕು.

ಒತ್ತು ಕೊಡಬೇಕಾದ ಪದಕ್ಕೆ ಅಡಿಗೆರೆ ಎಳೆಯಬೇಡಿ, ಅದು ನೇರವಾಗಿ ಒತ್ತಕ್ಷರದ ಮೇಲೆ ಹಾದುಹೋಗುತ್ತದೆ. ದಪ್ಪ ಅಕ್ಷರವೂ ಒಳ್ಳೆಯದಲ್ಲ. ದ, ಧ, ಥ ಮತ್ತು ಬ, ಭ ಬೇರೆ ಬೇರೆ ಅಂತ ತಿಳಿಯುವುದು ಸಣ್ಣ ಸೀಳು, ಚುಕ್ಕೆಗಳಿಂದ, ದಪ್ಪ ಮಾಡಿದಾಗ ಅವು ಮುಚ್ಚಿಹೋಗುತ್ತವೆ. ಓರೆ ಅಕ್ಷರವಂತೂ ಬೇಡವೇ ಬೇಡ. ನೋಟೋ ಸ್ಯಾನ್ಸ್ ಕನ್ನಡದಂಥ, ಗೆರೆಗಳ ದಪ್ಪ ಎಲ್ಲ ಕಡೆ ಒಂದೇ ಸಮ ಇರುವ ಫಾಂಟ್‌ನ ಸಾಮಾನ್ಯ ಅಥವಾ ಸ್ವಲ್ಪವೇ ದಪ್ಪ ರೂಪ ಸಾಕು.

ಸಾಲುಗಳ ಅಂತರ ಸರಿಯಿದೆಯೇ ಎಂದು ತಿಳಿಯಲು ಎಲ್ಲಕ್ಕಿಂತ ಮೊದಲು ಈ ಪದಗಳನ್ನು ಪ್ರಾಂಪ್ಟರ್‌ಗೆ ಹಾಕಿ ನೋಡಿ:

```
ಸ್ತ್ರೀ ರಾಷ್ಟ್ರ
ವೈಶಿಷ್ಟ್ಯ ಲಕ್ಷ್ಮಿ
ಸಾಫ್ಟ್‌ವೇರ್
```

ಮೊದಲ ಎರಡು ಸಾಲಿನ ಒತ್ತುಗಳೆಲ್ಲ ಕೆಳಗೆ ಪೂರ್ತಿ ಕಾಣಬೇಕು, ಕೆಳಗಿನ ಸಾಲಿಗೆ ತಾಗಬಾರದು. ತಾಗಿದರೆ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಏರಿಸಿ. ಕೆಲವು ಹಳೆಯ ತಂತ್ರಾಂಶಗಳು ಒತ್ತುಗಳನ್ನು ಬಿಡಿಬಿಡಿಯಾಗಿ ತೋರಿಸುತ್ತವೆ. ಹಾಗಾದರೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಬೇರೆ ತಂತ್ರಾಂಶವೇ ಬೇಕು. ಮೂರನೇ ಸಾಲಿನ ಪದದಲ್ಲಿ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಅಂಟಿಸುವಾಗ ಅದು ಕಳೆದುಹೋದರೆ ‘ವೇ’ ಒತ್ತಾಗಿ ಕೆಳಗಿಳಿಯುತ್ತದೆ. ಆಗ ‘ಸಾಫ್ಟ್ ವೇರ್’ ಎಂದು ನಡುವೆ ಜಾಗ ಬಿಟ್ಟು ಬರೆದುಬಿಡಿ. ಈ ಪ್ರತಿಯನ್ನು ಕೇಳುವವರು ನೋಡುವುದಿಲ್ಲವಲ್ಲ.

ಸಂಕ್ಷೇಪಗಳನ್ನೂ ಹೀಗೇ ಬಿಡಿಸಿ. ‘ಡಾ.’ ಇದ್ದದ್ದು ‘ಡಾಕ್ಟರ್’ ಆಗಲಿ. ಕಷ್ಟದ ಹೆಸರುಗಳನ್ನು ಉಚ್ಚಾರದಂತೆ ಬರೆಯಿರಿ.

ಓಡಿಸಿ ನೋಡುವಾಗ

ಇಡೀ ಪ್ರತಿ ಸಿದ್ಧವಾದ ಮೇಲೆ ಅಕ್ಷರವನ್ನು ಬೇಕೆಂದೇ ಹತ್ತು, ಹದಿನೈದು ಪ್ರತಿಶತ ದೊಡ್ಡದು ಮಾಡಿ ಓಡಿಸಿ. ವೇದಿಕೆಯಲ್ಲಿ ‘ಇನ್ನೂ ಸ್ವಲ್ಪ ದೊಡ್ಡದು ಮಾಡಿ’ ಎಂಬ ಮಾತು ಬಂದೇ ಬರುತ್ತದೆ. ನೀವು ಕೈಯಾರೆ ಮುರಿದ ಸಾಲುಗಳು ಆಗ ಅಂಚು ಮೀರಿ, ಕೊನೆಯ ಪದ ಒಂದೇ ಕೆಳಗೆ ಬೀಳುತ್ತದೆ. ಒಂದು ಉದ್ದ ಸಾಲು, ಒಂದು ಒಂಟಿ ಪದ, ಮತ್ತೆ ಉದ್ದ ಸಾಲು, ಹೀಗೆ ಹಲ್ಲುಬಿದ್ದಂತೆ ಕಂಡರೆ ಆ ಸಾಲುಗಳನ್ನು ಇನ್ನಷ್ಟು ಗಿಡ್ಡ ಮಾಡಿ.

ತಾಲೀಮಿನಲ್ಲಿ ಮಾತಾಡುವವರ ಮುಖ ಮತ್ತು ದನಿ ಎರಡನ್ನೂ ಗಮನಿಸಿ. ತಲೆ ಎಡದಿಂದ ಬಲಕ್ಕೆ ಸಣ್ಣಗೆ ಆಡುತ್ತಿದ್ದರೆ ಸಾಲು ಅಗಲವಾಗಿದೆ. ಕಣ್ಣು ಕಿರಿದಾದರೆ ಅಕ್ಷರ ಸಾಲದು. ಸಾಲಿನ ಕೊನೆಯ ಅಕ್ಷರವನ್ನು ‘ಮಾತನ್ನೂಊ’ ಎಂದು ಎಳೆಯುತ್ತಿದ್ದರೆ ಮುಂದೇನು ಅಂತ ಅವರು ಕಾಯುತ್ತಿದ್ದಾರೆ, ಅಲ್ಲಿ ಸಾಲು ತಪ್ಪು ಜಾಗದಲ್ಲಿ ಮುರಿದಿದೆ. ವಾಕ್ಯ ಮುಗಿದ ಮೇಲೂ ದನಿ ಮೇಲೆಯೇ ನಿಂತಿದ್ದರೆ ಅದರ ಕೊನೆ ಅವರಿಗೆ ಕಂಡಿರಲಿಲ್ಲ. ಓಟ ಹೆಚ್ಚುತ್ತಾ ಹೋದರೆ ತಪ್ಪು ಆಪರೇಟರ್ ಕಡೆಯದು. ಪಠ್ಯ ಮೇಲೆ ಓಡಿಹೋಗುತ್ತದೆ ಎಂಬ ಭಯಕ್ಕೆ ಮಾತಾಡುವವರು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ಒಂದೇ ವೇಗದಲ್ಲಿ ತಾನಾಗಿ ಓಡುವ ಸ್ಕ್ರೋಲ್ ಬಿಟ್ಟು, ಮಾತಿಗೆ ತಕ್ಕಂತೆ ಕೈಯಿಂದ ನಡೆಸಬೇಕು. ಎರಡು ಗೆರೆಯಲ್ಲಿ ಸ್ಕ್ರೋಲ್ ಪೂರ್ತಿ ನಿಲ್ಲುವುದಿಲ್ಲ, ಮುಂದಿನ ವಾಕ್ಯದ ಮೊದಲ ಸಾಲು ಬಾಣದ ಹತ್ತಿರ ಬರುವಷ್ಟು ಸರಿದು ಅಲ್ಲಿ ಕಾಯುತ್ತದೆ.

ಕೊನೆಯ ಗಳಿಗೆಯ ತಿದ್ದುಪಡಿಗಳು ಇದೇ ಅಳತೆಗೆ ಹೊಂದಿಕೊಂಡೇ ಬರಬೇಕು. ಯಾರೋ ಹಾದಿಯಲ್ಲಿ ಸೇರಿಸಿದ ಪ್ಯಾರಾ ಹಾಗೇ ಉದ್ದಕ್ಕೆ ಉಳಿದುಬಿಡುವುದು ತುಂಬಾ ಸಾಮಾನ್ಯ, ಮಾತಾಡುವವರು ಎಡವುವುದೂ ಅಲ್ಲೇ. ಪ್ರತಿಯನ್ನು ತಿದ್ದಿದ ಮೇಲೆ ಕಡತದ ಹೆಸರಿಗೆ ದಿನಾಂಕ ಮತ್ತು ಗಂಟೆ ಸೇರಿಸಿ, ಹಳೆಯದನ್ನು ಪ್ರಾಂಪ್ಟರ್ ಕಂಪ್ಯೂಟರ್‌ನಿಂದ ತೆಗೆದುಬಿಡಿ. ಸೆಪ್ಟೆಂಬರ್ 1993ರಲ್ಲಿ ಬಿಲ್ ಕ್ಲಿಂಟನ್ ಆರೋಗ್ಯ ಯೋಜನೆಯ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ಮಾತಾಡಲು ನಿಂತಾಗ ಪ್ರಾಂಪ್ಟರ್‌ನಲ್ಲಿ ಇದ್ದದ್ದು ಅದೇ ವರ್ಷದ ಹಳೆಯ ಭಾಷಣ. ಸರಿಯಾದದ್ದು ಬರುವವರೆಗೆ ಅವರು ಅದಿಲ್ಲದೆಯೇ ಕೆಲವು ನಿಮಿಷ ಮಾತಾಡಿದರು.

ಎಲ್ಲರಿಗೂ ಅದು ಆಗುವ ಮಾತಲ್ಲ. ಆದ್ದರಿಂದ ಕಾಗದದ ಪ್ರತಿಯೊಂದು ಮೇಜಿನ ಮೇಲೆ ಇರಲಿ. ಅದನ್ನು ಮೂಲ ಭಾಷಣದಿಂದ ಮುದ್ರಿಸಬೇಡಿ, ಪ್ರಾಂಪ್ಟರ್ ಪ್ರತಿಯಿಂದಲೇ ಮುದ್ರಿಸಿ. ಸಾಲುಗಳು ಅವೇ, ಗೆರೆಗಳೂ ಅವೇ. ಪುಟದ ಮೇಲಿನ ಮೂರನೇ ಎರಡು ಭಾಗದಲ್ಲಿ ಮಾತ್ರ ಪಠ್ಯ ಇಡಿ, ಕೆಳಗಿನ ಸಾಲು ಓದಲು ತಲೆ ಬಗ್ಗಿಸುವಂತಾಗಬಾರದು. ಪ್ರತಿ ಪುಟ ಒಂದು ವಾಕ್ಯದ ಕೊನೆಗೇ ಮುಗಿಯಲಿ. ಹಾಳೆಗಳಿಗೆ ಪಿನ್ ಹೊಡೆಯಬೇಡಿ, ದೊಡ್ಡದಾಗಿ ಪುಟಸಂಖ್ಯೆ ಹಾಕಿ. ಓದಿದ ಹಾಳೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದರೆ ಆಯಿತು.